ತಡೆಗೋಡೆಯ ಬೆನ್ನಿಗೆ ಎಷ್ಟು ಜಲ್ಲಿ, ಎಷ್ಟು ತೂತಿನ ಪೈಪು: 60 ಅಡಿ ಗೋಡೆಯ ಲೆಕ್ಕ

ಪುತ್ತೂರು ತಾಲೂಕಿನ ನಮ್ಮ ಮನೆಯ ಹಿಂದೆ ಗುಡ್ಡದ ಕಡಿದಾದ ಬದಿ, ಅಂದರೆ ಬರೆ, ಕಡಿದು ಕಟ್ಟಿದ ತಡೆಗೋಡೆ ಇದು. ಉದ್ದ 60 ಅಡಿ, ಅಂಗಳದಿಂದ ಮೇಲೆ ಎತ್ತರ 8 ಅಡಿ. ಶಿಲೆಕಲ್ಲಿನ ಗೋಡೆ. ಮುಂಭಾಗಕ್ಕೆ ಓರೆ ಇದೆ, ಬೆನ್ನು ನೇರ. ಗೋಡೆಯ ದಪ್ಪ, ಅಡಿಪಾಯದ ಆಳ ಎಲ್ಲ ಇಂಜಿನಿಯರ್ ಕೊಟ್ಟದ್ದು, ಅದರ ವಿಷಯ ಇಲ್ಲಿ ಬರೆಯುವುದಿಲ್ಲ. ಗೋಡೆಯ ಬೆನ್ನ ಹಿಂದಿನ ನೀರು ಹೊರಹೋಗಲು ಎಷ್ಟು ಜಲ್ಲಿ ಬೇಕು, ಎಷ್ಟು ಪೈಪು ಬೇಕು ಎಂಬುದಕ್ಕೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು. ಒಬ್ಬರು 16 ಯೂನಿಟ್ ಅಂದರು, ಇನ್ನೊಬ್ಬರು ಜಲ್ಲಿಯೇ ಬೇಡ ಅಂದರು. ಕೊನೆಗೆ ನಾವು ತರಿಸಿದ್ದು, ಗುಂಡಿಗೆ ನಿಜವಾಗಿ ಇಳಿದದ್ದು ಎರಡನ್ನೂ ಅಳೆದು ಬರೆದಿಟ್ಟಿದ್ದೇನೆ. ನಮ್ಮಲ್ಲಿ 1 ಯೂನಿಟ್ ಅಂದರೆ 100 ಸಿಎಫ್‌ಟಿ, ಅಂದರೆ 100 ಘನ ಅಡಿ.

ಹಂತ 1, ಫೆಬ್ರವರಿ ಕೊನೆ: ಬರೆ ಮತ್ತು ಮಣ್ಣು ನೋಡಿದ್ದು

ಬರೆಯ ಮೇಲಿನ 5 ಅಡಿ ಮುರಕಲ್ಲು ಮತ್ತು ಗೊಚ್ಚು ಮಣ್ಣು. ಅದರ ಕೆಳಗೆ ಸುಮಾರು 3 ಅಡಿ ಶೇಡಿ ಮಣ್ಣು. ದಕ್ಷಿಣ ಕನ್ನಡದಲ್ಲಿ ಮನೆ ಕಟ್ಟಿದವರಿಗೆ ಈ ಶೇಡಿ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಪಿಕ್ಕಾಸಿಗೂ ಸುಲಭಕ್ಕೆ ಬಗ್ಗದ ಬಿಳಿ, ಹಳದಿ, ನೇರಳೆ ಪಟ್ಟೆಯ ಮಣ್ಣು ಮಳೆ ನೀರು ಕುಡಿದರೆ ದೋಸೆ ಹಿಟ್ಟಿನ ಹಾಗೆ ಹರಿಯುತ್ತದೆ. ಮೇಲಿನ ಮುರಕಲ್ಲಿನ ಬಿರುಕುಗಳಲ್ಲಿ ಇಳಿದ ನೀರು ಶೇಡಿಯ ತಲೆಯ ಮೇಲೆ ನಿಂತು ಅಡ್ಡಕ್ಕೆ ಹರಿದು ಹೊರಬರುತ್ತದೆ. ನಮ್ಮ ಬರೆಯಲ್ಲೂ ಎರಡು ಮಣ್ಣು ಸೇರುವ ಗೆರೆಯಲ್ಲಿ ಫೆಬ್ರವರಿಯಲ್ಲೂ ಪಾಚಿಯ ಕಲೆ ಕಾಣುತ್ತಿತ್ತು. ಒರತೆ ಬರುವ ಜಾಗ ಅದೇ ಎಂದು ಗುರುತು ಹಾಕಿಕೊಂಡೆವು.

ಗೋಡೆಯ ಬೆನ್ನಿಗೂ ಬರೆಗೂ ನಡುವಿನ ಸಂದು ಬುಡದಲ್ಲಿ 3 ಅಡಿ, ತಲೆಯಲ್ಲಿ 5 ಅಡಿ. ಬರೆಯನ್ನು ನೇರವಾಗಿ ಕಡಿಯಲು ಆಗುವುದಿಲ್ಲವಾದ್ದರಿಂದ ಮೇಲೆ ಹೋದ ಹಾಗೆ ಸಂದು ಅಗಲವಾಗುತ್ತದೆ.

16 ಯೂನಿಟ್ ಎಂಬ ಲೆಕ್ಕ ಬಂದದ್ದು ಇಲ್ಲಿಂದ. ಸಂದಿನ ಸರಾಸರಿ ಅಗಲ 4 ಅಡಿ, ಹಂತ 2ರಲ್ಲಿ ಹೇಳುವಂತೆ ಜಲ್ಲಿ ಬರುವ ಎತ್ತರ 6.7 ಅಡಿ, ಉದ್ದ 60 ಅಡಿ ಗುಣಿಸಿದರೆ 1,608 ಸಿಎಫ್‌ಟಿ. ಸಂದನ್ನು ಪೂರ್ತಿ ಜಲ್ಲಿಯಿಂದಲೇ ತುಂಬುವುದಾದರೆ ಈ ಲೆಕ್ಕ ಸರಿ. ಆದರೆ ನೀರು ಇಳಿಯಲು ಅಷ್ಟು ಜಲ್ಲಿ ಬೇಕಾಗಿಲ್ಲ. ಗೋಡೆಯ ಬೆನ್ನಿಗೆ ಅಂಟಿ ನಿಲ್ಲುವ 1 ಅಡಿ ದಪ್ಪದ ಜಲ್ಲಿಯ ಪದರ, ಅದರ ಬುಡದಲ್ಲಿ ಪೈಪು, ಇಷ್ಟು ಸಾಕು. ಉಳಿದ ಸಂದಿಗೆ ಗೊಚ್ಚು ಮಣ್ಣು ಹಾಕಿ ದಮ್ಮಸು ಮಾಡಬಹುದು. ಜಲ್ಲಿ ಎಷ್ಟು ಬೇಕು ಎಂಬುದನ್ನು ತೀರ್ಮಾನಿಸುವುದು ಈ ಪದರದ ದಪ್ಪ, ಸಂದಿನ ಅಗಲ ಅಲ್ಲ.

ಜಲ್ಲಿಯೇ ಬೇಡ ಎಂದವರ ಮಾತಿಗೂ ಉತ್ತರ ಬೇಕಲ್ಲ. 8 ಅಡಿ ಎತ್ತರಕ್ಕೆ ಹಿಂದೆ ನೀರು ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ನೀರಿನ ತಳ್ಳು ಸುಮಾರು 3 ಟನ್. ಒಳ್ಳೆಯ ಒಣ ಮಣ್ಣಿನ ತಳ್ಳು ಅದೇ ಎತ್ತರಕ್ಕೆ ಸುಮಾರು 1.8 ಟನ್. ಮಣ್ಣನ್ನು ಮಾತ್ರ ತಡೆಯಲು ಕಟ್ಟಿದ ಗೋಡೆ ಮಳೆಗಾಲದಲ್ಲಿ ಹೊಟ್ಟೆ ಬಿಡುವುದು ಈ ಕಾರಣಕ್ಕೆ.

ಹಂತ 2, ಮಾರ್ಚ್ ಮೊದಲ ವಾರ: ಕಾಗದದ ಮೇಲಿನ ಲೆಕ್ಕ

ಜಲ್ಲಿಯ ಎತ್ತರ ಮೊದಲು. ಗೋಡೆ 8 ಅಡಿ ಇದ್ದರೂ ಮೇಲಿನ 1 ಅಡಿಗೆ ಜಲ್ಲಿ ಬರಬಾರದು. ಅಲ್ಲಿ ಅಂಟುಮಣ್ಣು ಹಾಕಿ ಗಟ್ಟಿ ಮಾಡಬೇಕು, ಇಲ್ಲದಿದ್ದರೆ ಗುಡ್ಡದ ಮೇಲಿನ ಕೆಂಪು ನೀರೆಲ್ಲ ನೇರ ಜಲ್ಲಿಗೆ ಇಳಿದು ಕೆಸರು ತುಂಬುತ್ತದೆ. ಆಗ ಉಳಿದದ್ದು 7 ಅಡಿ. ಪೈಪಿಗೆ 100 ಅಡಿಗೆ 1 ಅಡಿಯಂತೆ ಇಳಿಜಾರು ಕೊಟ್ಟರೆ 60 ಅಡಿಗೆ 0.6 ಅಡಿ, ಅಂದರೆ 7 ಇಂಚು ಚಿಲ್ಲರೆ. ಒಂದು ತುದಿಯಲ್ಲಿ ತಳ ಅಷ್ಟು ಮೇಲೆ ಬರುವುದರಿಂದ ಸರಾಸರಿಗೆ 0.3 ಅಡಿ ಕಳೆದು ಎತ್ತರ 6.7 ಅಡಿ ಎಂದು ಹಿಡಿದೆ.

ಇದನ್ನು ಎರಡು ಭಾಗ ಮಾಡಿದೆ. ಬುಡದಲ್ಲಿ ಪೈಪಿನ ಸುತ್ತ 1.5 ಅಡಿ ಅಗಲ, 1.5 ಅಡಿ ಎತ್ತರ. ಅದರ ಮೇಲೆ 1 ಅಡಿ ದಪ್ಪ, 5.2 ಅಡಿ ಎತ್ತರ.

ಬುಡ: 1.5 × 1.5 × 60 = 135 ಸಿಎಫ್‌ಟಿ
ಪೈಪು ತೆಗೆದುಕೊಳ್ಳುವ ಜಾಗ: ಸುಮಾರು 6 ಸಿಎಫ್‌ಟಿ, ಉಳಿದದ್ದು 129
ಮೇಲಿನ ಪದರ: 1 × 5.2 × 60 = 312 ಸಿಎಫ್‌ಟಿ
ಒಟ್ಟು: 441 ಸಿಎಫ್‌ಟಿ

ಎಲ್ಲರೂ ಸೇರಿಸುವ ಹಾಗೆ 10 ಶೇಕಡ ಹೆಚ್ಚು ಸೇರಿಸಿದಾಗ ಬುಡಕ್ಕೆ 142, ಮೇಲಕ್ಕೆ 343. ಬುಡಕ್ಕೆ 20 ಎಂಎಂ ಜಲ್ಲಿ 1.5 ಯೂನಿಟ್, ಮೇಲಕ್ಕೆ 40 ಎಂಎಂ ಜಲ್ಲಿ 3.5 ಯೂನಿಟ್ ಎಂದು ಬರೆದೆ. ಎರಡು ಸೈಜು ಏಕೆಂದರೆ ಪೈಪಿನ ಹತ್ತಿರ ದೊಡ್ಡ ಜಲ್ಲಿ ಬಿದ್ದರೆ ಪೈಪು ಒಡೆಯುವ ಭಯ, ಮೇಲಕ್ಕೆ 40 ಎಂಎಂ ಅಗ್ಗ. ಒಂದೇ ಸೈಜು ಸಿಕ್ಕಿದರೆ 20 ಎಂಎಂ ಒಂದನ್ನೇ ಹಾಕಿದರೂ ಅಡ್ಡಿಯಿಲ್ಲ.

ಪೈಪು 110 ಎಂಎಂ ಎಸ್‌ಡಬ್ಲ್ಯೂಆರ್, ಅಂದರೆ ಕೊಳೆನೀರು ಮಳೆನೀರು ಸಾಗಿಸುವ ಪಿವಿಸಿ ಪೈಪು, ಟೈಪ್ ಬಿ. ಟೈಪ್ ಎ ಮಳೆನೀರಿನ ಇಳಿಪೈಪಿಗೆ ಬಳಸುವ ತೆಳು ಪೈಪು, ಬೆಲೆ ಕಡಿಮೆ, ಆದರೆ ಇಲ್ಲಿ ತೂತು ಬೇರೆ ಕೊರೆಯುತ್ತೇವೆ, ಮೇಲೆ 7 ಅಡಿ ಭಾರ ಬೇರೆ. ಗಟ್ಟಿಯದನ್ನೇ ತಂದೆ. ಅಂಗಡಿಯಲ್ಲಿ ಸಿಗುವುದು 20 ಅಡಿಯ ತುಂಡು. ಒಂದರೊಳಗೊಂದು ಸಾಕೆಟ್‌ಗೆ ಸೇರುವಾಗ ಪ್ರತಿ ಜೋಡಣೆಗೆ 4 ಇಂಚು ಹೋಗುತ್ತದೆ. ಹಾಗಾಗಿ 3 ತುಂಡು ಸೇರಿಸಿದರೆ 59 ಅಡಿ 4 ಇಂಚು. ಕೆಳತುದಿಯ 3 ಅಡಿಗೆ ತೂತು ಬೇಡ, ಸುಮಾರು 56 ಅಡಿಗೆ ಮಾತ್ರ. ನಾಲ್ಕನೆಯ ತುಂಡನ್ನು ಎರಡು ಮಾಡಿ, 11.5 ಅಡಿಯನ್ನು ಗೋಡೆಯ ತುದಿಯಿಂದ ತೋಡಿನವರೆಗೆ ಹೊರದಾರಿಗೆ, 8 ಅಡಿಯನ್ನು ಮೇಲ್ತುದಿಯಲ್ಲಿ ನೇರ ನಿಲ್ಲಿಸಲು ಇಟ್ಟೆವು. ಈ ನಿಂತ ಪೈಪಿನ ಬಾಯಿಂದ ಮುಂದೆ ಯಾವಾಗ ಬೇಕಾದರೂ ನೀರು ಬಿಟ್ಟು ಒಳಗೆ ತೊಳೆಯಬಹುದು. ಬುಡದಲ್ಲಿ 90 ಡಿಗ್ರಿಯ ಒಂದು ಬೆಂಡ್ ಬದಲು 45 ಡಿಗ್ರಿಯ ಎರಡು ಹಾಕಿದರೆ ತೊಳೆಯುವ ಹೋಸು ಸಿಕ್ಕಿಕೊಳ್ಳದೆ ಒಳಗೆ ಹೋಗುತ್ತದೆ. ಕತ್ತರಿಸಿದ ತುಂಡಿಗೆ ಸಾಕೆಟ್ ಇರುವುದಿಲ್ಲ, ಒಂದು ಕಪ್ಲರ್ ಮರೆಯದೆ ತರಬೇಕು.

110 ಎಂಎಂ ಸಾಕೇ ಎಂದು ಒಮ್ಮೆ ನೋಡಿಕೊಂಡೆ. ಗೋಡೆಯ ಹಿಂದೆ ನೀರು ಕೊಡುವ ಗುಡ್ಡದ ಜಾಗ 18 ಮೀಟರ್ ಉದ್ದ, 12 ಮೀಟರ್ ಅಗಲ, ಅಂದರೆ 216 ಚದರ ಮೀಟರ್. ಗಂಟೆಗೆ 50 ಎಂಎಂ ಮಳೆ ಸುರಿದು ಎಲ್ಲವೂ ಒಳಗೆ ಇಳಿಯಿತು ಎಂದುಕೊಂಡರೂ ಸೆಕೆಂಡಿಗೆ 3 ಲೀಟರ್. ಈ ಇಳಿಜಾರಿನಲ್ಲಿ 110 ಎಂಎಂ ಪೈಪು ಸೆಕೆಂಡಿಗೆ 6 ಲೀಟರ್‌ಗೂ ಹೆಚ್ಚು ಹೊರಗೆ ಹಾಕುತ್ತದೆ. 75 ಎಂಎಂ ಪೈಪಿನಲ್ಲಿ ಇದರ ಮೂರರಲ್ಲೊಂದು ಭಾಗವೂ ಹೋಗುವುದು ಕಷ್ಟ, ತೊಳೆಯುವುದೂ ಕಷ್ಟ.

ಹಂತ 3, ಅದೇ ವಾರ: ಬಾಟಲಿಯಲ್ಲಿ ಬಟ್ಟೆ ಪರೀಕ್ಷೆ

ಜಲ್ಲಿಗೂ ಮಣ್ಣಿಗೂ ನಡುವೆ ಬಟ್ಟೆ ಬೇಕು ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ. ಯಾವ ಬಟ್ಟೆ ಎಂಬುದು ಪ್ರಶ್ನೆ. ಮೇಸ್ತ್ರಿ ಹಸಿರು ಶೇಡ್ ನೆಟ್ ಸಾಕು ಅಂದರು. ಇನ್ನೊಬ್ಬರು ಖಾಲಿ ಸಿಮೆಂಟ್ ಚೀಲ ಬಿಚ್ಚಿ ಹಾಸಲು ಹೇಳಿದರು. ಪೇಟೆಯಲ್ಲಿ ಸಿಗುವ ನೇಯದ ಜಿಯೋಟೆಕ್ಸ್‌ಟೈಲ್, ಚದರ ಮೀಟರಿಗೆ 200 ಗ್ರಾಂ ತೂಕದ್ದು, ಒಂದು ತುಂಡು ತಂದೆ. ನೋಡಲು ದಪ್ಪ ಕಂಬಳಿಯ ಹಾಗಿದೆ.

2 ಲೀಟರಿನ ಮೂರು ಬಾಟಲಿಗಳ ತಳ ಕತ್ತರಿಸಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿದೆವು. ಕೆಳಗೆ ಜಲ್ಲಿ, ಅದರ ಮೇಲೆ ಬಟ್ಟೆ, ಅದರ ಮೇಲೆ ನಮ್ಮದೇ ಬರೆಯ ಶೇಡಿ ಮಣ್ಣು. ಮೇಲಿಂದ ನಿಧಾನಕ್ಕೆ ನೀರು. ಶೇಡ್ ನೆಟ್ ಇದ್ದ ಬಾಟಲಿಯಿಂದ ಕೊನೆಯವರೆಗೂ ಬಿಳಿ ಕೆಸರೇ ಇಳಿಯಿತು, ಮಣ್ಣಿನ ನಡುವೆ ಬೆರಳು ತೂರುವಷ್ಟು ಬಿಲ ಬಿತ್ತು. ಸಿಮೆಂಟ್ ಚೀಲದಲ್ಲಿ ನೀರು ಮೇಲೆಯೇ ನಿಂತಿತು, ಅಂಚಿನಿಂದ ಹನಿ ಹನಿಯಾಗಿ ಮಾತ್ರ ಇಳಿಯಿತು. ಜಿಯೋಟೆಕ್ಸ್‌ಟೈಲ್ ಬಾಟಲಿಯಲ್ಲಿ ಮೊದಲ ಒಂದೆರಡು ಲೋಟ ಬಿಳಿಯಾಗಿ ಬಂದು ಆಮೇಲೆ ತಿಳಿಯಾಯಿತು, ಹರಿವು ನಿಲ್ಲಲಿಲ್ಲ. ನೋಡಿದ ಮೇಲೆ ಮೇಸ್ತ್ರಿಯೂ ಮರುಮಾತಾಡಲಿಲ್ಲ.

ಬಟ್ಟೆಯನ್ನು ಪೈಪಿಗೇ ಸುತ್ತಿ ಬಿಡುವವರು ಬಹಳ ಜನ. ಶೇಡಿಯಂಥ ನುಣ್ಣನೆ ಮಣ್ಣಿರುವಲ್ಲಿ ಅದು ಬೇಡ. ಎಲ್ಲ ಕಡೆಯ ನೀರು ಪೈಪಿನ ಸುತ್ತಲಿನ ಅಷ್ಟೇ ಅಷ್ಟು ಬಟ್ಟೆಯಲ್ಲಿ ನುಗ್ಗಬೇಕಾಗುತ್ತದೆ, ಕೆಸರು ಅಲ್ಲೇ ಮೆತ್ತಿಕೊಳ್ಳುತ್ತದೆ. ಮಣ್ಣಿನ ಗಡಿಯಲ್ಲೇ ಬಟ್ಟೆ ನಿಂತರೆ ನೀರು ಸೋಸಲು ಇಡೀ ಗೋಡೆಯಷ್ಟು ವಿಸ್ತಾರ ಸಿಗುತ್ತದೆ, ಒಂದು ಕಡೆ ಮೆತ್ತಿಕೊಂಡರೂ ಉಳಿದ ಕಡೆ ನಡೆಯುತ್ತದೆ.

ಬಟ್ಟೆಯ ಲೆಕ್ಕ: ಗೋಡೆಗೆ ಮಡಚಲು 0.5 ಅಡಿ, ತಳಕ್ಕೆ 1.5, ಹಿಂಬದಿ ಮೇಲೇರಲು 1.5, ಮೆಟ್ಟಿಲಿಗೆ 0.5, ಮತ್ತೆ ಮೇಲಕ್ಕೆ 5.2, ತಲೆಯ ಮೇಲೆ ಮಡಚಲು 1.2. ಒಟ್ಟು 10.4 ಅಡಿ, ಅಂದರೆ 3.2 ಮೀಟರ್. ರೋಲಿನ ಅಗಲ 2 ಮೀಟರ್. ಪಕ್ಕಪಕ್ಕದ ತುಂಡುಗಳು 1 ಅಡಿ ಒಂದರ ಮೇಲೊಂದು ಬರಬೇಕು, ಆಗ ಒಂದು ತುಂಡು 1.7 ಮೀಟರ್ ಮುಚ್ಚುತ್ತದೆ. 18.3 ಮೀಟರ್ ಗೋಡೆಗೆ 11 ತುಂಡು, ರೋಲಿನಿಂದ 36 ಮೀಟರ್, ವಿಸ್ತಾರದಲ್ಲಿ 72 ಚದರ ಮೀಟರ್.

ಹಂತ 4, ಮಾರ್ಚ್ ನಡುವೆ: ಪೈಪಿಗೆ ತೂತು

8 ಎಂಎಂ ಡ್ರಿಲ್ ಬಿಟ್. ತೂತಿನ ಅಗಲ ಪಕ್ಕದ ಜಲ್ಲಿಯ ಅರ್ಧಕ್ಕಿಂತ ಕಡಿಮೆ ಇರಬೇಕು, ಇಲ್ಲವಾದರೆ ಸಣ್ಣ ಕಲ್ಲು ಒಳಗೆ ಸೇರುತ್ತದೆ ಅಥವಾ ತೂತಿಗೆ ಕಚ್ಚಿ ಕೂರುತ್ತದೆ. ಪೈಪಿನ ಮೇಲೆ ಕಂಪನಿಯ ಅಕ್ಷರ ಮುದ್ರಿಸಿದ ಸಾಲು ಇರುತ್ತದಲ್ಲ, ಅದನ್ನೇ ಪೈಪಿನ ತಲೆ ಎಂದು ಇಟ್ಟುಕೊಂಡೆವು. ಪೈಪಿನ ಸುತ್ತಳತೆ 345 ಎಂಎಂ. ಅದರ ನೇರ ಕೆಳಗಿನ ಗೆರೆಯಿಂದ ಆಚೀಚೆ ಸಮನಾಗಿ, ಒಂದಕ್ಕೊಂದು 115 ಎಂಎಂ ದೂರದಲ್ಲಿ ಎರಡು ಗೆರೆ ಎಳೆದು, ಪ್ರತಿ 3 ಇಂಚಿಗೆ ಒಂದು ತೂತು. 56 ಅಡಿಗೆ ಸಾಲಿಗೆ 224, ಎರಡು ಸಾಲಿಗೆ 448 ತೂತು.

ತೂತು ಕೆಳಮುಖವಾಗಿರಬೇಕು. ಮೇಲ್ಮುಖ ಇಟ್ಟರೆ ನೀರು ಪೈಪು ಮುಳುಗುವಷ್ಟು ನಿಂತ ಮೇಲೆಯೇ ಒಳಗೆ ಬರುವುದು, ಜೊತೆಗೆ ಮೇಲಿಂದ ಇಳಿದ ಧೂಳೂ ನೇರ ಒಳಗೇ. ಕೆಳಮುಖ ಇದ್ದರೆ ನೀರು ಕೆಳಗಿಂದ ಏರಿ ಒಳಬರುತ್ತದೆ. ನೇರ ತಳಕ್ಕೆ ಮಾತ್ರ ತೂತು ಬೇಡ, ಒಳಗೆ ಬಂದ ನೀರು ಹರಿಯಲು ಅಷ್ಟು ತಳ ಗಟ್ಟಿ ಇರಬೇಕು.

ಕೊರೆದ ಮೇಲೆ ತೂತಿನ ಒಳ ಅಂಚಿನಲ್ಲಿ ಪಿವಿಸಿ ಸುರುಳಿ ನೇತಾಡುತ್ತಿರುತ್ತದೆ. ಹಾಗೇ ಬಿಟ್ಟರೆ ಬೇರು, ಎಲೆ, ಕೆಸರು ಅದಕ್ಕೇ ಸಿಕ್ಕಿಕೊಳ್ಳುತ್ತವೆ. ಉದ್ದ ಕೋಲಿಗೆ ಗೋಣಿ ಬಿಗಿದು ಪೈಪಿನೊಳಗೆ ಹಿಂದೆ ಮುಂದೆ ಎಳೆದರೆ ಎಲ್ಲ ಉದುರಿತು.

ಹಂತ 5, ಮಾರ್ಚ್ ಕೊನೆ: ಜಲ್ಲಿ ಬಂತು, ಅಳತೆ ಕಡಿಮೆ

20 ಎಂಎಂ ಸಣ್ಣ ಟಿಪ್ಪರಿನಲ್ಲಿ ಬಂತು, ಅಳತೆ ಸರಿ ಇತ್ತು. 40 ಎಂಎಂ ದೊಡ್ಡ ಟಿಪ್ಪರಿನಲ್ಲಿ, ಬಿಲ್ಲಿನಲ್ಲಿ 3.5 ಯೂನಿಟ್. ಸುರಿಯುವ ಮೊದಲು ಟಿಪ್ಪರಿನ ಡಬ್ಬಿಯ ಒಳಗೆ ಟೇಪು ಹಿಡಿದೆವು. ಉದ್ದ 14 ಅಡಿ, ಅಗಲ 7.5 ಅಡಿ, ಜಲ್ಲಿಯ ಸರಾಸರಿ ಎತ್ತರ 3 ಅಡಿ. 315 ಸಿಎಫ್‌ಟಿ. ಬಿಲ್ಲಿಗಿಂತ 35 ಕಡಿಮೆ.

ತೂಕದ ಚೀಟಿಯೂ ಅದನ್ನೇ ಹೇಳಿತು. ಜಲ್ಲಿ 1 ಸಿಎಫ್‌ಟಿಗೆ ಸುಮಾರು 42 ಕಿಲೋ. 350 ಸಿಎಫ್‌ಟಿ ಇದ್ದರೆ 14.7 ಟನ್ ಇರಬೇಕು, ಚೀಟಿಯಲ್ಲಿ 13.4 ಇತ್ತು. ಎರಡನ್ನೂ ತೋರಿಸಿದ ಮೇಲೆ ಕೊಟ್ಟವರು 3.15 ಯೂನಿಟ್‌ಗೆ ಮಾತ್ರ ಹಣ ತೆಗೆದುಕೊಂಡರು. ಸುರಿದ ಮೇಲೆ ರಾಶಿಯನ್ನು ಅಳೆಯಲು ಹೋದರೆ ವಾದವೇ ಉಳಿಯುತ್ತದೆ, ಡಬ್ಬಿಯಲ್ಲಿರುವಾಗಲೇ ಅಳೆಯಬೇಕು.

ಜಲ್ಲಿಯ ಧೂಳನ್ನೂ ನೋಡಿದೆವು. ಅರ್ಧ ಬಕೆಟ್ ಜಲ್ಲಿಗೆ ನೀರು ಹಾಕಿ ಕದಡಿ ಬಿಟ್ಟಾಗ 20 ಎಂಎಂ ಜಲ್ಲಿಯ ತಳದಲ್ಲಿ ಬೆರಳ ದಪ್ಪ ಬೂದಿ ಬಣ್ಣದ ಕೆಸರು ಕೂತಿತು. ಪೈಪಿಗೆ ತಾಗುವ ಜಲ್ಲಿ ಅದೇ ಆದ್ದರಿಂದ ಬುಟ್ಟಿ ಬುಟ್ಟಿಯಾಗಿ ಜರಡಿಯ ಮೇಲೆ ಹಾಕಿ ಹೋಸಿನಿಂದ ತೊಳೆದೆವು. 40 ಎಂಎಂ ಹಾಗೇ ಬಳಸಿದೆವು.

ಈ ಹೊತ್ತಿಗೆ ಮೇಸ್ತ್ರಿ ಕೇಳಿದ್ದು, “ಅಂಗಳದಲ್ಲಿ ಇಷ್ಟು ಮುರಕಲ್ಲಿನ ಚೂರು ಬಿದ್ದಿದೆ, ಅದನ್ನೇ ತುಂಬಿಸುವ ಮಾರಾಯ್ರೆ, ದುಡ್ಡು ಉಳೀತದೆ.” ಬರೆ ಕಡಿದಾಗ ಬಂದ ಚೂರು ರಾಶಿ ಇತ್ತು ನಿಜ. ಆದರೆ ಒಂದು ಹಿಡಿ ಚೂರನ್ನು ರಾತ್ರಿ ನೀರಲ್ಲಿ ಹಾಕಿಟ್ಟು ಬೆಳಿಗ್ಗೆ ಕೈಯಲ್ಲಿ ಉಜ್ಜಿದರೆ ಅರ್ಧ ಕೆಂಪು ಪುಡಿ. ಗಟ್ಟಿ ಮುರಕಲ್ಲು ಬೇರೆ, ಬರೆಯ ಚೂರು ಬೇರೆ. ಅದನ್ನು ಗೊಚ್ಚಿನ ಜೊತೆ ಹಿಂದಿನ ಭರ್ತಿಗೆ ಹಾಕಿದೆವು, ಜಲ್ಲಿಯ ಜಾಗಕ್ಕೆ ಹಾಕಲಿಲ್ಲ.

ಹಂತ 6, ಏಪ್ರಿಲ್ ಮೊದಲ ಎರಡು ವಾರ: ತುಂಬಿದ ಕ್ರಮ

ಗೋಡೆಯ ಗಾರೆಗೆ ಎರಡು ವಾರಕ್ಕೂ ಹೆಚ್ಚು ನೀರು ಬಿದ್ದ ಮೇಲೆಯೇ ಹಿಂದಕ್ಕೆ ಕೈ ಹಾಕಿದ್ದು.

ಅಡಿಪಾಯದ ಸಂದಿಗೆ ಗೊಚ್ಚು ತುಂಬಿ ದಮ್ಮಸು ಮಾಡಿ, ಅದರ ಮೇಲೆ 3 ಇಂಚು ದಪ್ಪ, 1.5 ಅಡಿ ಅಗಲ ಬೆಡ್ ಕಾಂಕ್ರೀಟ್. 23 ಸಿಎಫ್‌ಟಿ ಬೇಕಾಯಿತು. ಇದು ಇಲ್ಲದಿದ್ದರೆ ಜಲ್ಲಿಯಲ್ಲಿ ಇಳಿದ ನೀರು ಪೈಪಿಗೆ ಸೇರುವ ಬದಲು ಅಡಿಪಾಯದ ಕೆಳಗಿನ ಶೇಡಿಗೆ ಇಳಿಯುತ್ತದೆ. ಇಳಿಜಾರನ್ನು ಕಾಂಕ್ರೀಟಿನಲ್ಲೇ ತೆಗೆದೆವು. ಟ್ಯೂಬ್ ಲೆವೆಲ್ ಹಿಡಿದು ಗೋಡೆಯ ಬೆನ್ನಿನ ಮೇಲೆ ಪ್ರತಿ 10 ಅಡಿಗೆ 30 ಎಂಎಂ ಇಳಿಸಿ ಗುರುತು ಹಾಕಿದರೆ ಕೆಲಸದವರಿಗೆ ಗೊಂದಲ ಇಲ್ಲ.

ಮೊದಲು ಪೈಪು ಜೋಡಿಸಿ ನೀರು ಬಿಟ್ಟಾಗ ನಡುವಿನ ಜೋಡಣೆಯ ಹತ್ತಿರ ನೀರು ನಿಂತಿತು. ಸಾಕೆಟ್ ಪೈಪಿಗಿಂತ ದಪ್ಪ ಇರುವುದರಿಂದ ಕಾಂಕ್ರೀಟಿಗೆ ಅದೇ ತಾಗಿ ಪೈಪು ಆಚೀಚೆ ಜೋತಿತ್ತು. ಪೈಪನ್ನು ತೆಗೆದು, ತಳಕ್ಕೆ ಬಟ್ಟೆ ಹಾಸಿ, 2 ಇಂಚು 20 ಎಂಎಂ ಜಲ್ಲಿ ಹರಡಿ, ಸಾಕೆಟ್ ಬರುವಲ್ಲಿ ಜಲ್ಲಿಯನ್ನು ಕೈಯಿಂದ ಕೆರೆದು ಕುಳಿ ಮಾಡಿ ಮತ್ತೆ ಕೂರಿಸಿದೆವು. ಆಮೇಲೆ ನೀರು ನಿಲ್ಲಲಿಲ್ಲ.

1 ಅಡಿ ದಪ್ಪದ ಜಲ್ಲಿ ಪದರ ಮಣ್ಣಿನ ಪಕ್ಕದಲ್ಲಿ ನೆಟ್ಟಗೆ ನಿಲ್ಲಬೇಕಲ್ಲ, ಅದಕ್ಕೆ ಸೆಂಟ್ರಿಂಗ್ ಶೀಟು ಬಾಡಿಗೆಗೆ ತಂದೆವು. 3 ಅಡಿಯ 5 ಶೀಟು, ಒಂದು ಸಲಕ್ಕೆ 15 ಅಡಿ. ಗೋಡೆಯಿಂದ 1 ಅಡಿ ದೂರದಲ್ಲಿ ಶೀಟು ನಿಲ್ಲಿಸಿ, ಶೀಟಿನ ಹಿಂದೆ ಬಟ್ಟೆ ಇಳಿಬಿಟ್ಟು, ಗೋಡೆಯ ಕಡೆ 1 ಅಡಿ ಜಲ್ಲಿ, ಬರೆಯ ಕಡೆ 9 ಇಂಚು ಗೊಚ್ಚು. ಎರಡೂ ತುಂಬಿದ ಮೇಲೆ ಶೀಟನ್ನು ಮೇಲಕ್ಕೆ ಎಳೆದು ಮುಂದಿನ ಪದರ. ಮೊದಲು ಜಲ್ಲಿ ಪೂರ್ತಿ ಏರಿಸಿ ಆಮೇಲೆ ಮಣ್ಣು ಎಂದರೆ ಜಲ್ಲಿ ಹೊರಕ್ಕೆ ಜಾರುತ್ತದೆ, ಬಟ್ಟೆ ಹರಿಯುತ್ತದೆ. ಗೊಚ್ಚನ್ನು ಕೈ ದಿಮ್ಮಿಯಿಂದಲೇ ಬಡಿದದ್ದು. ಜೆಸಿಬಿಯನ್ನು ಗೋಡೆಯಿಂದ ದೂರ ನಿಲ್ಲಿಸಿ ಬಕೆಟ್ ಚಾಚಿ ಮಣ್ಣು ಹಾಕಿಸಿದೆವು, ಹತ್ತಿರ ಬಂದು ತುಳಿದರೆ ಹೊಸ ಗೋಡೆಗೆ ಅದೇ ಮೊದಲ ಪೆಟ್ಟು. ಬರೆಯಿಂದ ಬಂದ ಶೇಡಿಯನ್ನು ಒಂದು ಬುಟ್ಟಿಯೂ ಭರ್ತಿಗೆ ಬಿಡಲಿಲ್ಲ, ಎಲ್ಲ ತೋಟದ ಆಚೆ.

ಗೋಡೆಯಲ್ಲಿ ನೆಲದಿಂದ 1 ಅಡಿ ಮೇಲೆ, 5 ಅಡಿಗೊಂದರಂತೆ 75 ಎಂಎಂ ಪೈಪಿನ ವೀಪ್ ಹೋಲ್, ಅಂದರೆ ನೀರು ಮುಂದಕ್ಕೆ ಸೋರುವ ತೂತು, ಕಟ್ಟುವಾಗಲೇ ಬಿಟ್ಟಿದ್ದೆವು. ಒಳಬಾಯಿಗೆ ಬಟ್ಟೆಯ ತುಂಡು ಮುಚ್ಚಿದೆವು. ಪೈಪು ಕಟ್ಟಿಕೊಂಡರೆ ನೀರಿಗೆ ಎರಡನೆಯ ದಾರಿ ಅದು.

ಹಂತ 7: ಜಲ್ಲಿ 1 ಅಡಿ ಕೆಳಗೇ ಮುಗಿಯಿತು

ಪದರ ಇನ್ನು 1 ಅಡಿ ಏರಬೇಕು ಎನ್ನುವಾಗ 40 ಎಂಎಂ ಖಾಲಿ. ಟಿಪ್ಪರಿನಲ್ಲಿ ಕಡಿಮೆಯಾದ 35 ಸಿಎಫ್‌ಟಿ ಮಾತ್ರ ಇದಕ್ಕೆ ಕಾರಣವಲ್ಲ. ಶೀಟಿನಿಂದ ಗೋಡೆಗೆ ಅಲ್ಲಲ್ಲಿ ಟೇಪು ಇಳಿಸಿ ನೋಡಿದೆ. 12 ಇಂಚು ಇರಬೇಕಾದಲ್ಲಿ ಒಂದು ಕಡೆ 11, ಇನ್ನೊಂದು ಕಡೆ 16, ಸರಾಸರಿ 14 ಇಂಚು. ಶಿಲೆಕಲ್ಲಿನ ಗೋಡೆಗೆ ಮುಂಭಾಗವನ್ನು ಮಾತ್ರ ನೂಲು ಹಿಡಿದು ಕಟ್ಟುತ್ತಾರೆ. ಬೆನ್ನಿನಲ್ಲಿ ಒಂದು ಕಲ್ಲು ಚಾಚಿರುತ್ತದೆ, ಪಕ್ಕದ್ದು ಒಳಗಿರುತ್ತದೆ. ಚಾಚಿದ ಕಲ್ಲಿನಿಂದ ಅಳೆದು ಶೀಟು ನಿಲ್ಲಿಸಿದರೆ ಉಳಿದ ಕುಳಿಗಳೆಲ್ಲ ಜಲ್ಲಿ ನುಂಗುತ್ತವೆ.

14 ಇಂಚಿಗೆ ಲೆಕ್ಕ ಮತ್ತೆ ಹಾಕಿದರೆ ಮೇಲಿನ ಪದರಕ್ಕೆ 312 ಅಲ್ಲ, 364 ಸಿಎಫ್‌ಟಿ. ನೆಲದಲ್ಲಿ ಚೆಲ್ಲಿ ಹೋದದ್ದು, ಒಳಗೆ ಕುಳಿತು ಇಳಿದದ್ದು ಸೇರಿ 5 ಶೇಕಡ ಕೂಡಿಸಿದರೆ 382. ನಮ್ಮಲ್ಲಿದ್ದದ್ದು 315. ಕಡಿಮೆ ಬಿದ್ದದ್ದು 67. ಉಳಿದ 1 ಅಡಿಗೆ ಅದು ಸರಿಯಾಗಿ ಹೊಂದುತ್ತದೆ. ಇನ್ನೊಂದು ಯೂನಿಟ್ ಸಣ್ಣ ಗಾಡಿಯಲ್ಲಿ ತರಿಸಿದೆವು, ಬಾಡಿಗೆ ಬೇರೆ ಕೊಡಬೇಕಾಯಿತು. ಮಿಕ್ಕ ಜಲ್ಲಿಯನ್ನು ತೋಡಿನ ಬಳಿ ಪೈಪಿನ ಬಾಯಿಯ ಕೆಳಗೆ ಮಣ್ಣು ಕೊರೆಯದ ಹಾಗೆ ಹರಡಿದೆವು.

ಹೀಗೆ ಕೊನೆಗೆ ಇಳಿದದ್ದು 20 ಎಂಎಂ 142, 40 ಎಂಎಂ 382, ಒಟ್ಟು 524 ಸಿಎಫ್‌ಟಿ. ಗೋಡೆಯ ಒಂದು ಅಡಿ ಉದ್ದಕ್ಕೆ 8.7. ಕಾಗದದ ಮೇಲೆ ಅದು 7.4 ಇತ್ತು. ಕಾಂಕ್ರೀಟ್ ಗೋಡೆ ಅಥವಾ ಬ್ಲಾಕಿನ ಗೋಡೆಯಾದರೆ ಬೆನ್ನು ನುಣುಪು, 10 ಶೇಕಡ ಹೆಚ್ಚುವರಿ ಸಾಕು. ಶಿಲೆಕಲ್ಲಿನ ಗೋಡೆಗೆ 20 ಶೇಕಡ ಹಿಡಿಯುವುದು ಒಳ್ಳೆಯದು, ಅಥವಾ ಶೀಟು ನಿಲ್ಲಿಸುವ ಮೊದಲೇ ಬೆನ್ನಿನ ಹತ್ತು ಕಡೆ ಅಳೆದು ಸರಾಸರಿ ತೆಗೆಯಬೇಕು.

ಜಲ್ಲಿಯ ತಲೆಯ ಮೇಲೆ ಬಟ್ಟೆ ಮಡಚಿ ಮುಚ್ಚಿ, ಅದರ ಮೇಲೆ 1 ಅಡಿ ಅಂಟುಮಣ್ಣು ಬಡಿದು, ಗೋಡೆಯಿಂದ ಹಿಂದಕ್ಕೆ ಓರೆ ಬರುವಂತೆ ಮಾಡಿ, ಹಿಂದೆ ಮಳೆನೀರಿಗೆ ಒಂದು ಕಾಂಕ್ರೀಟ್ ಕಣಿ ತೆಗೆದೆವು. ಮೇಲಿನ ನೀರು ಕಣಿಗೆ, ಒಳಗಿನ ಒರತೆ ಪೈಪಿಗೆ. ಎರಡನ್ನೂ ಸೇರಿಸಬಾರದು. ಕಣಿಯ ನೀರನ್ನು ಉಳಿತಾಯಕ್ಕೆಂದು ಅದೇ ಪೈಪಿಗೆ ಬಿಟ್ಟ ಗೋಡೆಗಳನ್ನು ನೋಡಿದ್ದೇನೆ, ಎಲೆ ಮತ್ತು ಕೆಸರಿನಿಂದ ಪೈಪು ಬೇಗ ಕಟ್ಟುತ್ತದೆ.

ಸಾಮಾನಿನ ಖರ್ಚು

20 ಎಂಎಂ ಜಲ್ಲಿ 1.5 ಯೂನಿಟ್, 4,800ರಂತೆ: 7,200 ರೂ.
40 ಎಂಎಂ ಜಲ್ಲಿ 3.15 ಯೂನಿಟ್, 4,200ರಂತೆ: 13,230 ರೂ.
ಆಮೇಲೆ ತರಿಸಿದ 1 ಯೂನಿಟ್, ಗಾಡಿ ಬಾಡಿಗೆ ಸೇರಿ: 5,000 ರೂ.
ಪೈಪು 4 ತುಂಡು: 7,000 ರೂ.
ಬೆಂಡ್, ಕಪ್ಲರ್, ಮುಚ್ಚಳ, ಬಾಯಿಗೆ ಜಾಲರಿ: 900 ರೂ.
ಜಿಯೋಟೆಕ್ಸ್‌ಟೈಲ್ 72 ಚದರ ಮೀಟರ್, 55ರಂತೆ: 3,960 ರೂ.

ಒಟ್ಟು 37,290 ರೂ. ಕೂಲಿ, ಜೆಸಿಬಿ, ಶೀಟಿನ ಬಾಡಿಗೆ, ಬೆಡ್ ಕಾಂಕ್ರೀಟ್ ಇದರಲ್ಲಿ ಇಲ್ಲ. ಸಂದನ್ನು ಪೂರ್ತಿ ಜಲ್ಲಿಯಿಂದ ತುಂಬಿದ್ದರೆ ಜಲ್ಲಿಗೇ 67,000 ದಾಟುತ್ತಿತ್ತು.

ಹಂತ 8, ಜೂನ್‌ನಿಂದ ಸೆಪ್ಟೆಂಬರ್: ಮಳೆಯಲ್ಲಿ ನೋಡಿದ್ದು

ಮುಚ್ಚಿದ ಮೇಲೆ ನಿಂತ ಪೈಪಿನ ಬಾಯಿಗೆ ಹೋಸು ಇಟ್ಟು ನೀರು ಬಿಟ್ಟಾಗ ತೋಡಿನ ಕಡೆ ಮೊದಲು ಬೂದಿ ಬಣ್ಣದ ನೀರು ಬಂತು. ಜಲ್ಲಿಯ ಧೂಳು ಅದು. ಸ್ವಲ್ಪ ಹೊತ್ತಿನಲ್ಲಿ ತಿಳಿಯಾಯಿತು. ಜೂನ್‌ನ ಮೊದಲ ಮಳೆಗಳಲ್ಲಿ ಪೈಪಿನಿಂದ ಏನೂ ಬರಲಿಲ್ಲ. ಒಣಗಿದ ಗುಡ್ಡ ಕುಡಿಯುವಷ್ಟು ಕುಡಿದ ಮೇಲೆಯೇ ಒರತೆ ಏಳುವುದು, ಹಾಗಾಗಿ ಆ ದಿನಗಳಲ್ಲಿ ಪೈಪು ಒಣಗಿದ್ದರೆ ಗಾಬರಿ ಬೇಡ. ಜೂನ್ ಕೊನೆಗೆ ಹರಿವು ಶುರುವಾಯಿತು. ಮೊದಲು ಸ್ವಲ್ಪ ಬಿಳಿ ಛಾಯೆ ಇತ್ತು, ಆಮೇಲೆ ಕುಡಿಯುವ ನೀರಿನಷ್ಟು ತಿಳಿ.

ಜುಲೈಯ ಒಂದು ಜಡಿಮಳೆಯಲ್ಲಿ 20 ಲೀಟರಿನ ಬಕೆಟ್ ಹಿಡಿದೆ. 14 ಸೆಕೆಂಡಿಗೆ ತುಂಬಿತು. ಸೆಕೆಂಡಿಗೆ 1.4 ಲೀಟರ್, ನಾವು ಹಿಡಿದ 3 ಲೀಟರಿನ ಅರ್ಧ. ಉಳಿದದ್ದು ಮೇಲಿನ ಕಣಿಯಲ್ಲಿ ಹೋಗುತ್ತಿತ್ತು. ವೀಪ್ ಹೋಲ್‌ಗಳು ತೇವವಾಗಿದ್ದವು, ಹರಿಯುತ್ತಿರಲಿಲ್ಲ. ಅವು ಹರಿಯತೊಡಗಿ ಪೈಪಿನ ಬಾಯಿಯ ಹರಿವು ಸಣ್ಣಗಾದರೆ ಪೈಪು ಕಟ್ಟುತ್ತಿದೆ ಎಂದರ್ಥ, ಆಗ ಮೇಲಿನ ಬಾಯಿಂದ ತೊಳೆಯಬೇಕು. ವಾರಗಟ್ಟಲೆ ಬಿಳಿ ಕೆಸರೇ ಬರುತ್ತಿದ್ದರೆ ಮಾತ್ರ ಅದು ತೊಳೆದು ಸರಿಯಾಗುವ ವಿಷಯವಲ್ಲ. ಎಲ್ಲೋ ಬಟ್ಟೆ ಹರಿದಿದೆ ಅಥವಾ ಎರಡು ತುಂಡಿನ ನಡುವೆ ಬಾಯಿ ಬಿಟ್ಟಿದೆ, ಬರೆಯ ಶೇಡಿ ಅಲ್ಲಿಂದ ಖಾಲಿಯಾಗುತ್ತಿದೆ. ಗೋಡೆಯ ಹಿಂದೆ ಮೇಲ್ಮಣ್ಣಿನಲ್ಲಿ ತಗ್ಗು ಬೀಳುವ ಜಾಗ ನೋಡಿದರೆ ಎಲ್ಲಿ ಅಗೆಯಬೇಕು ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ಪಶ್ಚಿಮದ ತುದಿಯಲ್ಲಿ ಒಂದು ಕಡೆ 2 ಇಂಚು ಮಣ್ಣು ಕುಳಿತಿತ್ತು, ನೀರು ತಿಳಿಯಾಗಿಯೇ ಇದ್ದದ್ದರಿಂದ ದಮ್ಮಸು ಸಾಲದೆ ಕುಳಿತದ್ದು ಎಂದು ತಿಳಿದು ಮಣ್ಣು ಹಾಕಿ ಬಡಿದೆವು. ಮತ್ತೆ ಇಳಿಯಲಿಲ್ಲ.

ಮುಂದಿನ ಗೋಡೆಗೆ

ಈ ಡಿಸೆಂಬರಿನಲ್ಲಿ ಭಾವನವರ ಮನೆಯ ಹಿಂದೆ 40 ಅಡಿ ಉದ್ದ, 6 ಅಡಿ ಎತ್ತರದ ಶಿಲೆಕಲ್ಲಿನ ಗೋಡೆ ಏಳಲಿದೆ. ಜಲ್ಲಿಯ ಎತ್ತರ 6ರಲ್ಲಿ ಮೇಲಿನ 1 ಅಡಿ, ಇಳಿಜಾರಿನ ಸರಾಸರಿ 0.2 ಅಡಿ ಕಳೆದು 4.8. ಬುಡಕ್ಕೆ 1.5 × 1.5 × 40, ಪೈಪು ಕಳೆದು 86, ಹೆಚ್ಚುವರಿ ಸೇರಿ 95. ಮೇಲೆ 3.3 × 40 = 132, ಕಲ್ಲಿನ ಬೆನ್ನಿನ ಕುಳಿಗೆ ಮತ್ತು ಚೆಲ್ಲುವುದಕ್ಕೆ ಸೇರಿಸಿ 162. 20 ಎಂಎಂ 1 ಯೂನಿಟ್, 40 ಎಂಎಂ 1.75 ಯೂನಿಟ್, ಪೈಪು 3 ತುಂಡು ಎಂದು ಬರೆದು ಕೊಟ್ಟಿದ್ದೇನೆ. ಗೋಡೆ ಎದ್ದ ಮೇಲೆ ಬೆನ್ನು ಅಳೆದು, 40 ಎಂಎಂ ಎಷ್ಟು ಎಂಬುದನ್ನು ಆಗ ಖಚಿತ ಮಾಡಿ ತರಿಸುತ್ತೇವೆ.